ರಜೆಯ ಮೇಲ್‌ಗೊಂದು ಕರಡು ತಿದ್ದುಪಡಿ

ತಂಗಿಯ ಮಗಳು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಊರಿಗೆ ಹೊರಟವಳು ಹಿಂದಿನ ರಾತ್ರಿ ನನಗೊಂದು ಒಕ್ಕಣೆ ಕಳಿಸಿದಳು. ರಜೆಯಲ್ಲಿದ್ದಾಗ ಯಾರು ಮೇಲ್ ಕಳಿಸಿದರೂ ಅವರಿಗೆ ತಾನಾಗಿ ಹೋಗುವ ಉತ್ತರ ಅದು. ‘ಮಾವ, ಕಾಗುಣಿತ ಮಾತ್ರ ನೋಡಿಬಿಡು, ಎರಡು ನಿಮಿಷದ ಕೆಲಸ’ ಅಂದಳು. ಬಹಳ ವರ್ಷ ಕರಡು ತಿದ್ದಿದವನ ಹತ್ತಿರ ಹಾಗೆ ಹೇಳಬಾರದು. ಒಕ್ಕಣೆ ಹೀಗಿತ್ತು:

“ನಮಸ್ಕಾರ. ನಾನು 4/5 ರಿಂದ 8/5 ರ ವರೆಗೆ ಕಛೇರಿಯಲ್ಲಿ ಇರುವುದಿಲ್ಲಾ. ಆಗಾಗಿ ನಿಮ್ಮ ಮೇಲ್ ಗಳನ್ನು ನಾನು ಬಂದ ನಂತರ ಉತ್ತರಿಸಲಾಗುವುದು. ತುರ್ತು ಇದ್ದಲ್ಲಿ ನನ್ನ ಸಹದ್ಯೋಗಿಯನ್ನು ಸಂಪರ್ಕಿಸತಕ್ಕದ್ದು. ಅನಾನೂಕೂಲತೆಗೆ ವಿಷಾಧಿಸುತ್ತೇನೆ.”

ಕಣ್ಣಿಗೆ ಕುಕ್ಕುವ ತಪ್ಪುಗಳನ್ನು ಮೊದಲು ಮುಗಿಸಿಬಿಡೋಣ. ‘ಇಲ್ಲಾ’ ಅಲ್ಲ, ‘ಇಲ್ಲ’; ಮಾತಿನಲ್ಲಿ ಎಳೆದದ್ದು ಬರಹಕ್ಕೂ ಬಂದಿದೆ. ‘ಆಗಾಗಿ’ ಹಳೇ ಮೈಸೂರಿನ ನಮ್ಮ ಬಾಯಿಯ ಮಹಿಮೆ, ಅದು ‘ಹಾಗಾಗಿ’. ‘ಸಹ’ ಮತ್ತು ‘ಉದ್ಯೋಗಿ’ ಸೇರಿದರೆ ಅಕಾರ ಉಕಾರಗಳ ಜಾಗಕ್ಕೆ ಓಕಾರ ಬಂದು ‘ಸಹೋದ್ಯೋಗಿ’ ಆಗುತ್ತದೆ. ಶಾಲೆಯಲ್ಲಿ ಕಲಿತ ಗುಣಸಂಧಿ. ‘ವಿಷಾದ’ದಲ್ಲಿ ಮಹಾಪ್ರಾಣವಿಲ್ಲ. ‘ಧನ್ಯವಾದ’ದ ‘ಧ’ ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ಪಕ್ಕದ ಪದಕ್ಕೂ ಹತ್ತಿಕೊಳ್ಳುತ್ತದೆ. ‘ಕಛೇರಿ’ಯನ್ನು ಸರ್ಕಾರಿ ಬೋರ್ಡುಗಳಲ್ಲೇ ಬೇಕಾದಷ್ಟು ನೋಡುತ್ತೇವೆ, ಅದಕ್ಕಾಗಿ ಜಗಳಕ್ಕೆ ನಿಲ್ಲುವುದಿಲ್ಲ. ನಾನು ‘ಕಚೇರಿ’ ಎಂದೇ ಬರೆಯುತ್ತೇನೆ.

‘ಮೇಲ್ ಗಳನ್ನು’ ಎಂಬಲ್ಲಿ ಇರುವ ಖಾಲಿ ಜಾಗದ ಕತೆ ಬೇರೆ. ‘ಗಳು’ ಪ್ರತ್ಯಯ, ಅದು ಒಂಟಿಯಾಗಿ ನಿಲ್ಲಬಾರದು. ಇದು ಅವಳಿಗೆ ಗೊತ್ತಿಲ್ಲದೆ ಆದ ತಪ್ಪಲ್ಲ. ಕಂಪ್ಯೂಟರಿನಲ್ಲಿ ‘ಮೇಲ್’ ಹೊಡೆದು ಮುಂದಕ್ಕೆ ‘ಗ’ ಒತ್ತಿದರೆ ಎರಡೂ ಕೂಡಿಕೊಂಡು ‘ಮೇಲ್ಗಳು’ ಎಂದು ಒತ್ತಕ್ಷರವಾಗುತ್ತದೆ. ಅದನ್ನು ತಪ್ಪಿಸಲು ಎಲ್ಲರೂ ನಡುವೆ ಒಂದು ಸ್ಪೇಸ್ ಹೊಡೆಯುತ್ತಾರೆ. ಆ ಜಾಗ ಸಾಲಿನ ತುದಿಗೆ ಬಂದರೆ ‘ಮೇಲ್’ ಒಂದು ಸಾಲಿನಲ್ಲಿ, ‘ಗಳನ್ನು’ ಮುಂದಿನ ಸಾಲಿನಲ್ಲಿ ಬಿದ್ದು ಅನಾಥವಾಗುತ್ತದೆ. ಮೊಬೈಲಿನ ಕಿರಿದಾದ ಪರದೆಯಲ್ಲಂತೂ ಹೀಗಾಗುವುದೇ ಹೆಚ್ಚು. ಇದಕ್ಕೆಂದೇ ಯೂನಿಕೋಡ್‌ನಲ್ಲಿ ಅಗಲವೇ ಇಲ್ಲದ ಒಂದು ಅಕ್ಷರವಿದೆ. ಅದರ ಸಂಖ್ಯೆ U+200C. ಕಣ್ಣಿಗೆ ಕಾಣದು, ಜಾಗ ತಿನ್ನದು, ‘ಲ್’ ಮತ್ತು ‘ಗ’ ಅಂಟಿಕೊಳ್ಳದಂತೆ ಮಾತ್ರ ತಡೆಯುತ್ತದೆ: ‘ಮೇಲ್‌ಗಳು’. ನಿಮ್ಮ ಕೀಲಿಮಣೆಯಲ್ಲಿ ಅದು ಸಿಗದಿದ್ದರೆ ‘ಮೇಲುಗಳು’ ಎಂದು ಬರೆದು ಪಾರಾಗಿ, ತಪ್ಪೇನಿಲ್ಲ. ‘8/5 ರ ವರೆಗೆ’ ಎಂಬುದೂ ಇದೇ ಕಾಯಿಲೆ; ಅಂಕಿಗೆ ತಾಗಿಸಿ ‘8ರವರೆಗೆ’ ಎಂದರಾಯಿತು.

ಇಲ್ಲಿಯವರೆಗಿನದು ನಿಜಕ್ಕೂ ಎರಡು ನಿಮಿಷದ ಕೆಲಸ. ಇಷ್ಟು ತಪ್ಪಿದ್ದರೂ ಓದಿದವರಿಗೆ ಅರ್ಥವಾಗುತ್ತಿತ್ತು, ನಕ್ಕು ಸುಮ್ಮನಾಗುತ್ತಿದ್ದರು. ತೊಂದರೆ ಕೊಡುವುದು ವಾಕ್ಯ.

‘ನಾನು ಬಂದ ನಂತರ’ ಎನ್ನುವವರೆಗೆ ಒಬ್ಬ ಮನುಷ್ಯಳು ಮಾತಾಡುತ್ತಿದ್ದಾಳೆ. ‘ಉತ್ತರಿಸಲಾಗುವುದು’ ಎನ್ನುವಷ್ಟರಲ್ಲಿ ಅವಳು ಮಾಯವಾಗಿ ಸುತ್ತೋಲೆಯೊಂದು ಬಂದು ಕೂತಿದೆ. ಉತ್ತರಿಸುವವರು ಯಾರು, ಇವಳೋ ಕಚೇರಿಯೋ? ಕನ್ನಡದಲ್ಲಿ ಕ್ರಿಯಾಪದದ ತುದಿಯೇ ಕರ್ತೃವನ್ನು ಹೇಳುತ್ತದೆ. ‘ಉತ್ತರಿಸುತ್ತೇನೆ’ ಎಂದರೆ ‘ನಾನು’ ಎಂದು ಬೇರೆ ಬರೆಯುವ ಅಗತ್ಯವೂ ಇಲ್ಲ. ಇನ್ನು, ‘ಮೇಲ್‌ಗಳನ್ನು ಉತ್ತರಿಸುವುದು’ ಎಂಬುದು ವಿಭಕ್ತಿಯ ತಪ್ಪು. ಪ್ರಶ್ನೆಗೆ ಉತ್ತರ, ಪತ್ರಕ್ಕೆ ಉತ್ತರ. ಹಾಗಾಗಿ ಮೇಲ್‌ಗೂ ಚತುರ್ಥಿಯೇ. ‘ಸಂಪರ್ಕಿಸತಕ್ಕದ್ದು’ ವ್ಯಾಕರಣದ ಪ್ರಕಾರ ಸರಿ, ಆದರೆ ಅದು ಟೆಂಡರ್ ಪ್ರಕಟಣೆಯ ಭಾಷೆ. ಬಾಕಿ ಹಣ ಕೇಳಿ ಬರೆದ ಸಣ್ಣ ವ್ಯಾಪಾರಿಗೆ ಅದು ಗದರಿದ ಹಾಗೆ ಕೇಳಿಸುತ್ತದೆ.

ಕಾಗುಣಿತ ನೋಡುವ ಯಾವ ತಂತ್ರಾಂಶವೂ ಕೆಂಪು ಗೆರೆ ಎಳೆಯದ ತಪ್ಪು ‘4/5’. ನಮಗೆ ಅದು ಮೇ 4. ಇವಳ ಕಂಪನಿಯ ಅಮೆರಿಕದ ಶಾಖೆಯಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಅಲ್ಲಿನ ಕನ್ನಡಿಗರೊಬ್ಬರು ಓದಿದರೆ ಇವಳು ಏಪ್ರಿಲ್ 5ರಿಂದ ಆಗಸ್ಟ್ 5ರವರೆಗೆ ನಾಲ್ಕು ತಿಂಗಳು ರಜೆ! ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೊಂದಲವೇ ಇಲ್ಲ. ‘8ರವರೆಗೆ’ ಎಂದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: 8ರಂದು ಸಿಗುತ್ತಾಳೋ ಇಲ್ಲವೋ? ಆ ದಿನ ಶುಕ್ರವಾರ, ಮುಂದೆ ಶನಿವಾರ, ಭಾನುವಾರ. ಓದುವವರಿಗೆ ಬೇಕಾದದ್ದು ಹೋದ ದಿನವಲ್ಲ, ಬರುವ ದಿನ.

ಇಂಥ ಉತ್ತರ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ನಾನು ಅವಳಿಗೆ ವೇಲ್ಸ್‌ನ ಸ್ವಾನ್ಸಿ ನಗರದ ಕತೆ ಹೇಳಿದೆ. ಅಲ್ಲಿ ರಸ್ತೆ ಫಲಕಗಳು ಇಂಗ್ಲಿಷ್ ಮತ್ತು ವೆಲ್ಷ್ ಎರಡರಲ್ಲೂ ಇರುತ್ತವೆ. 2008ರಲ್ಲಿ, ಭಾರೀ ಸರಕು ವಾಹನಗಳಿಗೆ ಪ್ರವೇಶವಿಲ್ಲ ಎಂಬ ಫಲಕಕ್ಕಾಗಿ ನಗರಸಭೆಯವರು ಇಂಗ್ಲಿಷ್ ಸಾಲನ್ನು ಅನುವಾದಕರಿಗೆ ಮೇಲ್ ಮಾಡಿದರು. ವೆಲ್ಷ್‌ನಲ್ಲಿ ತಕ್ಷಣ ಉತ್ತರ ಬಂತು. ಇದೇ ಅನುವಾದ ಇರಬೇಕೆಂದು ಅದನ್ನು ಹಾಗೇ ಫಲಕಕ್ಕೆ ಬರೆಸಿ ನಿಲ್ಲಿಸಿಬಿಟ್ಟರು. ಅದರಲ್ಲಿದ್ದದ್ದು, ‘ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ’ ಎಂದು. ಆ ಒಕ್ಕಣೆಯಲ್ಲಿ ಕಾಗುಣಿತದ ತಪ್ಪು ಇರಲಿಲ್ಲ. ಅದನ್ನು ಓದುವವರಿಗೆ ಭಾಷೆ ಬರುವುದಿಲ್ಲ ಎಂಬುದನ್ನು ಬರೆದವರು ಎಣಿಸಿರಲಿಲ್ಲ, ಅಷ್ಟೆ. ಅದಕ್ಕೇ ಇವಳ ಕನ್ನಡದ ಒಕ್ಕಣೆಯ ಕೆಳಗೆ ಇಂಗ್ಲಿಷಿನಲ್ಲೂ ಎರಡು ಸಾಲು ಇರಲಿ, ಮೊದಲ ಸಾಲಿನಲ್ಲೇ ಇದು ತಾನಾಗಿ ಹೋದ ಉತ್ತರ ಎಂದು ತಿಳಿಯಲಿ ಎಂದೆ. ಯಾವ ಸಹೋದ್ಯೋಗಿ, ಯಾವ ನಂಬರು ಎಂಬುದೇ ಇರಲಿಲ್ಲವಲ್ಲ, ಅದನ್ನೂ ಕೇಳಿ ಬರೆಸಿದೆ. ಬರೆದ ಹತ್ತು ಅಂಕಿಗಳನ್ನು ಓದಿ ನೋಡುವುದರ ಬದಲು ಆ ನಂಬರಿಗೆ ಒಮ್ಮೆ ಕರೆ ಮಾಡಿಸಿದೆ. ಅಂಕಿ ಅದಲುಬದಲಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಫೋನಿಗೆ ಗೊತ್ತಾಗುತ್ತದೆ.

ಕೊನೆಗೆ ಉಳಿದದ್ದು:

“ನಮಸ್ಕಾರ. ಇದು ತಾನಾಗಿ ಬರುವ ಉತ್ತರ. ನಾನು ರಜೆಯಲ್ಲಿದ್ದೇನೆ, ಮೇ 11, ಸೋಮವಾರ ಕಚೇರಿಗೆ ಮರಳುತ್ತೇನೆ. ನಿಮ್ಮ ಮೇಲ್‌ಗೆ ಆಮೇಲೆ ಉತ್ತರಿಸುತ್ತೇನೆ. ಬಿಲ್ ಪಾವತಿಯ ತುರ್ತು ಇದ್ದರೆ ದಯವಿಟ್ಟು ನನ್ನ ಸಹೋದ್ಯೋಗಿಗೆ ಕರೆ ಮಾಡಿ.” ಅದರ ಕೆಳಗೆ ಸಹೋದ್ಯೋಗಿಯ ಹೆಸರು, ನಂಬರು.

‘ಅನಾನೂಕೂಲತೆ’ಯನ್ನು ನಾನು ತಿದ್ದಲೇ ಇಲ್ಲ, ತೆಗೆದೇ ಹಾಕಿದೆ. ‘ಅನನುಕೂಲ’ ಎಂದು ಸರಿಪಡಿಸಬಹುದಿತ್ತು, ಆದರೆ ಹಕ್ಕಿನ ರಜೆ ಹಾಕಿದವಳು ವಿಷಾದಿಸುವುದೇಕೆ?

ಒಕ್ಕಣೆಯನ್ನು ಔಟ್‌ಲುಕ್‌ನಲ್ಲಿ ಹಾಕಿ, ತನ್ನ ಸ್ವಂತ ಜಿಮೇಲ್‌ನಿಂದ ಕಚೇರಿಯ ವಿಳಾಸಕ್ಕೆ ಒಂದು ಮೇಲ್ ಕಳಿಸಿ ನೋಡು ಎಂದೆ. ಅರೆ ನಿಮಿಷದಲ್ಲಿ ಉತ್ತರ ಬಂತು: “...ಅನಾನೂಕೂಲತೆಗೆ ವಿಷಾಧಿಸುತ್ತೇನೆ.” ಸಂಸ್ಥೆಯ ಒಳಗಿನವರಿಗೆ ಒಂದು, ಹೊರಗಿನವರಿಗೆ ಒಂದು ಎಂದು ಅಲ್ಲಿ ಎರಡು ಪೆಟ್ಟಿಗೆಗಳಿವೆ. ಅವಳು ಹೊಸದನ್ನು ಹಾಕಿದ್ದು ಒಳಗಿನವರ ಪೆಟ್ಟಿಗೆಗೆ ಮಾತ್ರ.