ಒಂದೇ ಸಿನಿಮಾ, ಒಂದೇ ಆ್ಯಪ್: ಹಿಂದಿಗೆ ಮಾತ್ರ ಯಾಕೆ ನಾಲ್ಕು ವಾರ ತಡ?

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ರೂಮಲ್ಲಿ ಇಬ್ಬರು ಕನ್ನಡದವರು, ಇಬ್ಬರು ಬಿಹಾರದವರು. 'ಕಾಂತಾರ: ಚಾಪ್ಟರ್ 1' ಪ್ರೈಮ್ ವಿಡಿಯೋಗೆ ಬಂದಾಗ ಕನ್ನಡದವರು ನೋಡಿದ್ರು, ಬಿಹಾರದವರಿಗೆ ಹಿಂದಿನೇ ಸಿಗಲಿಲ್ಲ. "ಥಿಯೇಟರಲ್ಲಿ ಹಿಂದಿಯಲ್ಲೂ ಓಡ್ತಿತ್ತಲ್ಲ, ಮತ್ತೆ ಇಲ್ಯಾಕಿಲ್ಲ?" ಅಂತ ಕೇಳಿದ್ದಾರೆ.

ಮೊದಲು ದಿನ ಲೆಕ್ಕ ಹಾಕೋಣ. ಸಿನಿಮಾ ಕನ್ನಡದಲ್ಲೂ ಹಿಂದಿಯಲ್ಲೂ ಥಿಯೇಟರಿಗೆ ಬಂದಿದ್ದು 2025ರ ಅಕ್ಟೋಬರ್ 2ಕ್ಕೆ. ಕನ್ನಡ, ತೆಲುಗು, ತಮಿಳು, ಮಲಯಾಳಂ ಪ್ರೈಮ್‌ಗೆ ಬಂದಿದ್ದು ಅಕ್ಟೋಬರ್ 31ಕ್ಕೆ, ಅಂದ್ರೆ 29 ದಿನ. ಹಿಂದಿ ಬಂದಿದ್ದು ನವೆಂಬರ್ 27ಕ್ಕೆ. 56 ದಿನ, ಸರಿಯಾಗಿ ಎಂಟು ವಾರ.

ಥಿಯೇಟರಿಗೂ ಒಟಿಟಿಗೂ ನಡುವಿನ ಈ ಅಂತರಕ್ಕೆ ಇಂಡಸ್ಟ್ರಿಯಲ್ಲಿ 'ವಿಂಡೋ' ಅಂತಾರೆ. ಇದು ಸರ್ಕಾರದ ಕಾನೂನಲ್ಲ, ವ್ಯಾಪಾರದ ಷರತ್ತು. ಹಿಂದಿ ಸಿನಿಮಾಗಳಿಗೆ ದೇಶದ ದೊಡ್ಡ ಮಲ್ಟಿಪ್ಲೆಕ್ಸ್ ಸಂಸ್ಥೆಗಳು ಎಂಟು ವಾರ ಕೇಳ್ತವೆ. ಒಪ್ಪದಿದ್ರೆ ಸ್ಕ್ರೀನ್ ಕೊಡಲ್ಲ. ಕೊರೋನಾ ನಂತರ ಸ್ವಲ್ಪ ಕಾಲ ನಾಲ್ಕು ವಾರಕ್ಕೆ ಇಳಿಸಿದ್ರು, 2022ರ ಆಗಸ್ಟ್‌ನಿಂದ ಮತ್ತೆ ಎಂಟಕ್ಕೆ ಹೋದ್ರು. ನಮ್ಮ ದಕ್ಷಿಣದ ಭಾಷೆಗಳಲ್ಲಿ ನಾಲ್ಕು ವಾರಕ್ಕೇ ಬಿಡೋದು ರೂಢಿಯಾಗಿದೆ.

ಈ ಲೆಕ್ಕ ಭಾಷೆ ಭಾಷೆಗೆ ಬೇರೆ ಓಡುತ್ತೆ ಅನ್ನೋದಕ್ಕೆ 2022ರ ಮೊದಲ 'ಕಾಂತಾರ'ನೇ ಸಾಕ್ಷಿ. ಕನ್ನಡದಲ್ಲಿ ಸೆಪ್ಟೆಂಬರ್ 30ಕ್ಕೆ ಬಂತು, ಹಿಂದಿಯಲ್ಲಿ ಎರಡು ವಾರ ತಡವಾಗಿ ಅಕ್ಟೋಬರ್ 14ಕ್ಕೆ. ಹಿಂದಿ ಆವೃತ್ತಿ ನೆಟ್‌ಫ್ಲಿಕ್ಸ್‌ಗೆ ಹೋಗಿದ್ದು ಡಿಸೆಂಬರ್ 9ಕ್ಕೆ. ಹಿಂದಿ ರಿಲೀಸ್‌ನಿಂದ ಎಣಿಸಿ, ಅದೂ 56 ದಿನ.

ಮಲ್ಟಿಪ್ಲೆಕ್ಸ್‌ನವರಿಗೆ ಇಷ್ಟು ಹಠ ಯಾಕೆ? ನಾನು ಬಿ.ಕಾಂ ಓದಿದವನು, ದುಡ್ಡು ಹಂಚಿಕೆ ನೋಡಿದ್ರೆ ನನಗೆ ವಿಷಯ ಅರ್ಥ ಆಗೋದು. 2009ರಲ್ಲಿ ಹಿಂದಿ ನಿರ್ಮಾಪಕರು ಮುಷ್ಕರ ಮಾಡಿದ ಮೇಲೆ ಒಂದು ಒಪ್ಪಂದ ಆಯ್ತು. ತೆರಿಗೆ ಕಳೆದು ಉಳಿದ ಟಿಕೆಟ್ ದುಡ್ಡಲ್ಲಿ ವಿತರಕರ ಪಾಲು ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಅಂದ್ರೆ ವಾರ ಕಳೆದಂತೆ ಪ್ರತಿ ಟಿಕೆಟ್‌ನಲ್ಲಿ ಥಿಯೇಟರಿನ ಪಾಲು ಜಾಸ್ತಿ, ನಿರ್ಮಾಪಕರ ಪಾಲು ಕಡಿಮೆ. ಹಾಗಾಗಿ ಐದನೇ ವಾರ ಥಿಯೇಟರಿಗೆ ಬೇಕು. ನಿರ್ಮಾಪಕರಿಗೆ ಅಷ್ಟೊತ್ತಿಗೆ ಒಟಿಟಿ ಕೊಡೋ ದುಡ್ಡೇ ದೊಡ್ಡದು. ಒಟಿಟಿಗೋ, ಜನ ಇನ್ನೂ ಮಾತಾಡ್ತಿರೋವಾಗಲೇ ಸಿನಿಮಾ ಬೇಕು. ಈ ಮೂವರ ಎಳೆದಾಟದಲ್ಲೇ ತಾರೀಖು ನಿರ್ಧಾರ ಆಗೋದು.

ನಡುವೆ ಇನ್ನೊಂದು ಮೆಟ್ಟಿಲೂ ಇರಬಹುದು. 'ಕೆಜಿಎಫ್: ಚಾಪ್ಟರ್ 2' 2022ರ ಏಪ್ರಿಲ್ 14ಕ್ಕೆ ರಿಲೀಸ್ ಆಯ್ತು. ಮೇ 16ಕ್ಕೆ ಪ್ರೈಮ್‌ನಲ್ಲಿ ಸಿಕ್ತು, ಆದ್ರೆ 199 ರೂಪಾಯಿ ಬಾಡಿಗೆಗೆ. ಚಂದಾದಾರರಿಗೆ ಬೇರೆ ದುಡ್ಡಿಲ್ಲದೆ ಸಿಕ್ಕಿದ್ದು ಜೂನ್ 3ಕ್ಕೆ. ಅದಕ್ಕೇ "ಒಟಿಟಿಗೆ ಬಂತಂತೆ" ಅಂದ ತಕ್ಷಣ ರೀಚಾರ್ಜ್ ಮಾಡಬೇಡಿ. ಸಿನಿಮಾ ಹೆಸರಿನ ಕೆಳಗೆ ಬಾಡಿಗೆ ರೇಟು ಇದೆಯಾ ನೋಡಿ. ಜೊತೆಗೆ ನಿಮ್ಮ ಭಾಷೆ ಪಟ್ಟಿಯಲ್ಲಿದೆಯಾ ಅಂತಲೂ ನೋಡಿ.

ಟಿವಿ ಸಾಮಾನ್ಯವಾಗಿ ಕೊನೆಗೆ. ಸ್ಯಾಟಲೈಟ್ ಹಕ್ಕು ಅಂತ ಅದಕ್ಕೆ ಬೇರೆಯದೇ ಒಪ್ಪಂದ. ಚಾನೆಲ್‌ಗೆ ದುಡ್ಡು ಬರೋದು ಜಾಹೀರಾತಿನಿಂದ, ಆದ್ದರಿಂದ ಮನೆಮಂದಿಯೆಲ್ಲ ಟಿವಿ ಮುಂದೆ ಕೂರೋ ಹಬ್ಬ ಅಥವಾ ಭಾನುವಾರ ಸಂಜೆಗೆ ಕಾಯ್ತಾರೆ. ಭಾನುವಾರ ಶಿಫ್ಟ್ ಇರೋರಿಗೆ ಆ ಹೊತ್ತು ಕೈಗೆ ಸಿಗಲ್ಲ, ಬೇರೆ ಮಾತು.

ಹಾಗಾದ್ರೆ ಕಾದ್ರೆ ಎಲ್ಲ ಸಿನಿಮಾನೂ ಮೊಬೈಲಿಗೆ ಬರುತ್ತಾ? ಇಲ್ಲ. ಸಣ್ಣ ಕನ್ನಡ ಸಿನಿಮಾಗಳಲ್ಲಿ ಎಷ್ಟೋ ಒಟಿಟಿ ವ್ಯಾಪಾರ ಆಗದೇನೇ ರಿಲೀಸ್ ಆಗ್ತವೆ. ಥಿಯೇಟರಲ್ಲಿ ಹೇಗೆ ಓಡ್ತು ಅಂತ ನೋಡಿ ಆಮೇಲೆ ಮಾತುಕತೆ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯ ವೆಬ್ ಸರಣಿ 'ಏಕಂ' ಕೂಡ ಒಟಿಟಿಗಳು ಕೊಳ್ಳದ ಕಾರಣ 2024ರ ಜುಲೈನಲ್ಲಿ ತನ್ನದೇ ವೆಬ್‌ಸೈಟಲ್ಲಿ ಬರಬೇಕಾಯ್ತು. ಎಲ್ಲರೂ "ಒಟಿಟಿಗೆ ಬರಲಿ" ಅಂತ ಕೂತ್ರೆ ಥಿಯೇಟರ್ ಗಳಿಕೆ ಬೀಳುತ್ತೆ, ಕೊಳ್ಳೋರು ಹಿಂದೆ ಸರೀತಾರೆ, ಕಾದವರಿಗೂ ಸಿನಿಮಾ ಸಿಗಲ್ಲ.

ಗುರುತಿಸೋಕೆ ಒಂದು ದಾರಿ ಇದೆ. ಪೋಸ್ಟರಲ್ಲೋ ಸಿನಿಮಾ ಶುರುವಿನ ಟೈಟಲ್ ಕಾರ್ಡಲ್ಲೋ ಒಟಿಟಿ ಹೆಸರು ಇದ್ರೆ ವ್ಯಾಪಾರ ಮುಗಿದಿದೆ ಅಂತ, ಆರಾಮಾಗಿ ಕಾಯಬಹುದು. ಇಲ್ಲದಿದ್ರೆ, ನೋಡಲೇಬೇಕು ಅನ್ನಿಸಿದ ಸಿನಿಮಾನ ಮೊದಲ ವಾರದ ರಜೆಯಲ್ಲೇ ನೋಡಿಬಿಡಿ. ಕನಕಪುರವೋ ಬೆಂಗಳೂರೋ, ಶುಕ್ರವಾರ ಬಂದ ಸಣ್ಣ ಸಿನಿಮಾಗೆ ಮುಂದಿನ ಶುಕ್ರವಾರ ಶೋ ಉಳಿದಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ.