ಹಿರಿಯ ನಾಗರಿಕರು ಔಷಧಿಗಳನ್ನು ಸಕಾಲದಲ್ಲಿ ಸೇವಿಸುವ ಬಗ್ಗೆ ಮಾಹಿತಿ

ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಸಾರ್ವಜನಿಕ ಆಸ್ಪತ್ರೆಗಳಿಂದ ನಿತ್ಯದ ಮಾತ್ರೆಗಳನ್ನು ಪಡೆಯುತ್ತಿರುವ ಹಿರಿಯ ನಾಗರಿಕರ ಮತ್ತು ಅವರ ಕುಟುಂಬದವರ ತಿಳುವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ. ಸಕಾಲವೆಂದರೆ ಗಡಿಯಾರದ ಸಮಯ ಮಾತ್ರವಲ್ಲ. ಅನೇಕ ಮಾತ್ರೆಗಳಿಗೆ ಊಟ, ತಿಂಡಿಯೇ ಗಡಿಯಾರವಾಗಿರುತ್ತದೆ.

ಉದಾಹರಣೆಗೆ, ಥೈರಾಯ್ಡ್ ಕೊರತೆ, ಮಧುಮೇಹ ಮತ್ತು ರಕ್ತದೊತ್ತಡವಿರುವ 68 ವರ್ಷದ ಮಹಿಳೆಯೊಬ್ಬರ ದಿನಚರಿಯನ್ನು ಗಮನಿಸಬಹುದು. ಬೆಳಿಗ್ಗೆ 6 ಗಂಟೆಗೆ ಎದ್ದು, ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಥೈರಾಯ್ಡ್ ಮಾತ್ರೆಯನ್ನು ಸೇವಿಸುತ್ತಾರೆ. ಕಾಫಿಯು ಈ ಮಾತ್ರೆ ದೇಹಕ್ಕೆ ಸೇರುವುದನ್ನು ಕುಂಠಿತಗೊಳಿಸುವುದರಿಂದ, 7 ಗಂಟೆಯವರೆಗೆ ಕಾಫಿ ಕುಡಿಯುವುದಿಲ್ಲ. ಎಂಟೂವರೆಗೆ ತಿಂಡಿಯ ತಟ್ಟೆ ಮುಂದೆ ಬಂದ ನಂತರ ಗ್ಲಿಮೆಪಿರೈಡ್, ತಿಂಡಿ ಮುಗಿದ ಮೇಲೆ ಮೆಟ್‌ಫಾರ್ಮಿನ್ ಮತ್ತು ರಕ್ತದೊತ್ತಡದ ಆಮ್ಲೊಡಿಪಿನ್ ಸೇವಿಸುತ್ತಾರೆ. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ಕನಿಷ್ಠ 4 ಗಂಟೆ ಅಂತರ ಅವಶ್ಯವಿರುವುದರಿಂದ, ಅದನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಂಡಿದ್ದಾರೆ. ರಾತ್ರಿ ಊಟವಾದ ಮೇಲೆ ಮತ್ತೊಂದು ಮೆಟ್‌ಫಾರ್ಮಿನ್. ತಮ್ಮ ದಿನಚರಿಯನ್ನು ವೈದ್ಯರ ಚೀಟಿಯಂತೆಯೇ ಹೊಂದಿಸಿಕೊಳ್ಳತಕ್ಕದ್ದು.

ಇವುಗಳಲ್ಲಿ ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಗ್ಲಿಮೆಪಿರೈಡ್‌ಗೆ. ಈ ಮಾತ್ರೆಯು ಊಟ ಮಾಡಿದರೂ ಮಾಡದಿದ್ದರೂ ರಕ್ತದಲ್ಲಿನ ಸಕ್ಕರೆಯನ್ನು ಇಳಿಸುತ್ತದೆ. ಏಕಾದಶಿಯ ಉಪವಾಸದ ದಿನ ತಿಂಡಿ ಬಿಟ್ಟು ಮಾತ್ರೆಯನ್ನು ಮಾತ್ರ ಸೇವಿಸುವುದು, ಅಥವಾ ತೆಗೆದುಕೊಂಡದ್ದು ಮರೆತು ಎರಡನೆಯ ಬಾರಿ ಸೇವಿಸುವುದು ಅಪಾಯಕಾರಿ. ಬೆವರು, ಕೈನಡುಕ, ವಿಪರೀತ ಹಸಿವು, ಮಂಕುತನ, ತೊದಲು ಮಾತು ಕಂಡುಬಂದಲ್ಲಿ ಸಕ್ಕರೆ ಇಳಿದಿರಬಹುದೆಂದು ಭಾವಿಸತಕ್ಕದ್ದು. ವಯಸ್ಸಾದವರಲ್ಲಿ ಇದನ್ನು ಕೇವಲ ಆಯಾಸವೆಂದು ಮನೆಯವರು ತಿಳಿಯುವುದುಂಟು. ಎಚ್ಚರವಿದ್ದಲ್ಲಿ 3 ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದಲ್ಲಿ ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಟ್ಟು, ನಂತರ ಆಹಾರ ನೀಡಬೇಕು. ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಸಕ್ಕರೆ ಪುನಃ ಇಳಿಯಬಹುದು. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಎಚ್ಚರ ತಪ್ಪಿದ್ದಲ್ಲಿ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡುವುದು.

ಬೆಳಿಗ್ಗೆ ಮರೆತ ರಕ್ತದೊತ್ತಡದ ಮಾತ್ರೆಯನ್ನು ಸಂಜೆಯೊಳಗೆ ನೆನಪಾದಾಗ ಸೇವಿಸಬಹುದು. ಮರುದಿನ ನೆನಪಾದರೆ ಆ ದಿನದ ಒಂದು ಮಾತ್ರೆ ಮಾತ್ರ. ಯಾವ ಔಷಧಿಯನ್ನೂ ಎರಡು ಪಾಲು ಸೇವಿಸಕೂಡದು. ಗ್ಲಿಮೆಪಿರೈಡ್ ತಪ್ಪಿದ್ದಲ್ಲಿ ಅಂದಿನದನ್ನು ಬಿಟ್ಟು ಮರುದಿನ ತಿಂಡಿಯ ಹೊತ್ತಿಗೆ ಮುಂದುವರಿಸುವುದು ಸುರಕ್ಷಿತ.

"ತೆಗೆದುಕೊಂಡೆನೋ ಇಲ್ಲವೋ" ಎಂಬ ಸಂದೇಹ ನಿವಾರಣೆಗೆ ನೆನಪನ್ನು ನಂಬುವುದು ಬೇಡ. ವಾರದ ದಿನಗಳ ಖಾನೆಗಳಿರುವ ಡಬ್ಬಿಯನ್ನು ಭಾನುವಾರ ತುಂಬಿಸಿಟ್ಟರೆ ಖಾಲಿ ಖಾನೆಯೇ ಉತ್ತರ ಹೇಳುತ್ತದೆ. ಡಬ್ಬಿ ಇಲ್ಲದವರು ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಪ್ರತಿ ಮಾತ್ರೆಯ ಮೇಲೆ ದಿನಾಂಕ ಬರೆಯಬಹುದು. ಮುಂದಿನ ತಪಾಸಣೆಗೆ ಬರುವಾಗ ಉಳಿದ ಮಾತ್ರೆಗಳನ್ನೂ ಚೀಟಿಯೊಂದಿಗೆ ತರತಕ್ಕದ್ದು. ಎಷ್ಟು ದಿನ ತಪ್ಪಿದೆಯೆಂದು ತಿಳಿಯದೆ ವೈದ್ಯರು ಪ್ರಮಾಣವನ್ನು ಹೆಚ್ಚಿಸುವ ಸಂಭವ ಇದರಿಂದ ತಪ್ಪುತ್ತದೆ.