ಕುರುಚಲು ಗಡ್ಡಕ್ಕೆ ರೇಜರೋ, ಟ್ರಿಮ್ಮರೋ?

ನುಣ್ಣಗೆ ಬೋಳಿಸಿದ ಕೆನ್ನೆಗೂ ತುಂಬು ಗಡ್ಡಕ್ಕೂ ನಡುವೆ ಇರುವುದು ಕುರುಚಲು ಗಡ್ಡ. ನೋಡಿದವರಿಗೆ ಅದು ಎರಡು ದಿನ ಶೇವ್ ಮಾಡದೆ ಬಿಟ್ಟ ಮುಖ. ಇಟ್ಟುಕೊಂಡವರಿಗೆ ಮಾತ್ರ ಗೊತ್ತು, ಅದನ್ನು ಸೋಮವಾರದಿಂದ ಶುಕ್ರವಾರದವರೆಗೆ ಒಂದೇ ಹದದಲ್ಲಿ ಉಳಿಸಿಕೊಳ್ಳುವುದು ದಿನಾ ಶೇವ್ ಮಾಡುವುದಕ್ಕಿಂತ ನಾಜೂಕಿನ ಕೆಲಸ. ಸ್ವಲ್ಪ ಅಸಡ್ಡೆ ಮಾಡಿದರೂ ಗುರುವಾರದ ಹೊತ್ತಿಗೆ ‘ಯಾಕ್ರೀ, ಹುಷಾರಿಲ್ವಾ?’ ಎಂದು ಪಕ್ಕದ ಟೇಬಲ್ಲಿನವರು ಕೇಳುತ್ತಾರೆ.

ಮೊದಲು ಒಂದು ಚಿಕ್ಕ ಲೆಕ್ಕ. ಗಡ್ಡದ ಕೂದಲು ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೆಳೆಯುತ್ತದೆ. ಆಫೀಸಿಗೆ ಒಪ್ಪುವ ಕುರುಚಲು ಎಂದರೆ ಹೆಚ್ಚುಕಡಿಮೆ 1ರಿಂದ 2 ಮಿ.ಮೀ. ಉದ್ದ. ಶುಕ್ರವಾರ ರಾತ್ರಿ ರೇಜರಿನಲ್ಲಿ ಬೋಳಿಸಿದರೆ ಸೋಮವಾರ ಬೆಳಿಗ್ಗೆ 1 ಮಿ.ಮೀ. ಆಸುಪಾಸು ಬಂದಿರುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಗುರುವಾರಕ್ಕೆ ಅದು 2 ದಾಟುತ್ತದೆ. ಆಗ ಕೈಯಲ್ಲಿ ರೇಜರ್ ಮಾತ್ರ ಇದ್ದರೆ ಉಳಿಯುವ ದಾರಿ ಒಂದೇ: ಎಲ್ಲವನ್ನೂ ತೆಗೆದು ಮತ್ತೆ ಸೊನ್ನೆಯಿಂದ ಶುರು ಮಾಡುವುದು. ರೇಜರಿಗೆ ಉದ್ದ ಬಿಟ್ಟು ಕತ್ತರಿಸಲು ಬರುವುದಿಲ್ಲ, ಅದು ಕೂದಲನ್ನು ಚರ್ಮದ ಮಟ್ಟಕ್ಕೇ ತೆಗೆಯುತ್ತದೆ. ಹಾಗಾಗಿ ಕೆನ್ನೆ, ಗಲ್ಲ, ಮೀಸೆಯ ಮಟ್ಟಿಗೆ ಚರ್ಚೆಯೇ ಬೇಡ. ಅಲ್ಲಿ ಟ್ರಿಮ್ಮರೇ ಆಗಬೇಕು.

ಟ್ರಿಮ್ಮರಿಗೂ ಮಿತಿ ಇದೆ. ಅದರಲ್ಲಿ ಹಲ್ಲುಹಲ್ಲಾಗಿರುವ ಎರಡು ಬ್ಲೇಡುಗಳಿರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಅಡ್ಡಡ್ಡ ಓಡುತ್ತಾ ಕತ್ತರಿಯಂತೆ ಕೂದಲು ಕತ್ತರಿಸುತ್ತದೆ. ನಿಂತ ಬ್ಲೇಡಿನ ದಪ್ಪ ಚರ್ಮಕ್ಕೂ ಅಲಗಿಗೂ ನಡುವೆ ಇರುವುದರಿಂದ, ಬಾಚಣಿಗೆ ತೆಗೆದು ಬರಿ ಬ್ಲೇಡನ್ನೇ ಚರ್ಮಕ್ಕೆ ಒತ್ತಿದರೂ ಸಾಮಾನ್ಯ ಟ್ರಿಮ್ಮರುಗಳು ಅರ್ಧ ಮಿಲಿಮೀಟರಿನಷ್ಟು ಕೂದಲು ಉಳಿಸುತ್ತವೆ. ಕಪ್ಪು, ದಟ್ಟ ಕೂದಲಿನವರ ಕುತ್ತಿಗೆಯಲ್ಲಿ ಅದು ತೆಳುವಾದ ಮಸಿಯಂತೆ ಕಾಣುತ್ತದೆ. ಕುರುಚಲು ಗಡ್ಡ ಅಚ್ಚುಕಟ್ಟು ಅನ್ನಿಸುವುದು ಅದರ ಅಂಚಿನಿಂದ. ಗಡ್ಡ ಎಲ್ಲಿ ಮುಗಿಯಿತು ಎಂದು ಸ್ಪಷ್ಟವಾಗಿ ಕಾಣಬೇಕು. ಆ ಗೆರೆಯನ್ನು ರೇಜರಿನಷ್ಟು ಖಚಿತವಾಗಿ ಟ್ರಿಮ್ಮರು ಎಳೆಯಲಾರದು.

ಅಂದರೆ ರೇಜರೋ ಟ್ರಿಮ್ಮರೋ ಎಂಬ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಕುತ್ತಿಗೆಯ ಮೇಲೆ. ಅದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ.

ನನ್ನ ಬಾಮೈದನನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ, ಗುಂಗುರು ಕೂದಲು, ದಿನಾ ಬೈಕು. ಗಡ್ಡಕ್ಕೆ ಟ್ರಿಮ್ಮರ್, ಕುತ್ತಿಗೆಗೆ ಐದು ಬ್ಲೇಡಿನ ದುಬಾರಿ ರೇಜರ್ ಇಟ್ಟುಕೊಂಡಿದ್ದ. ಕೆಲವು ವಾರಗಳಲ್ಲಿ ದವಡೆಯ ಕೆಳಗೆ ಸಾಲಾಗಿ ಕೆಂಪು ಗುಳ್ಳೆಗಳೆದ್ದವು. ‘ಭಾವ, ಹೆಲ್ಮೆಟ್ ಪಟ್ಟಿ ಉಜ್ಜಿ ಹಿಂಗಾಗಿದೆ’ ಅಂದ. ಪಟ್ಟಿ ಉಜ್ಜುವುದು ನಿಜ, ಉರಿ ಹೆಚ್ಚಿಸುವುದೂ ನಿಜ. ಆದರೆ ಬೆಳಕಿಗೆ ಹಿಡಿದು ನೋಡಿದರೆ ಕೆಲವು ಗುಳ್ಳೆಗಳೊಳಗೆ ಸುರುಳಿ ಸುತ್ತಿದ ಕಪ್ಪು ಕೂದಲು ಕಾಣುತ್ತಿತ್ತು. ಬರಿ ಉಜ್ಜಿದ ಗಾಯದಲ್ಲಿ ಅದು ಇರುವುದಿಲ್ಲ.

ಆಗುವುದು ಇಷ್ಟು. ಒಂದರ ಹಿಂದೆ ಒಂದು ಬ್ಲೇಡಿರುವ ರೇಜರು ಕೂದಲನ್ನು ತುಸು ಎಳೆದು ಕತ್ತರಿಸುತ್ತದೆ. ಕತ್ತರಿಸಿದ ತುದಿ ಚೂಪಾಗಿ, ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿದುಬಿಡುತ್ತದೆ. ನೆಟ್ಟಗಿನ ಕೂದಲಾದರೆ ಮತ್ತೆ ಮೇಲಕ್ಕೆ ಬರುತ್ತದೆ. ಗುಂಗುರು ಕೂದಲು ಬಾಗಿ ಒಳಗೇ ಪಕ್ಕಕ್ಕೆ ಚುಚ್ಚಬಹುದು, ಇಲ್ಲವೇ ಹೊರಬಂದು ಕೊಕ್ಕೆಯಂತೆ ತಿರುಗಿ ಮತ್ತೆ ಚರ್ಮದೊಳಗೆ ಇಳಿಯಬಹುದು. ದೇಹ ಅದನ್ನು ಹೊರಗಿನ ಮುಳ್ಳೆಂದೇ ಭಾವಿಸುವುದರಿಂದ ಅಲ್ಲಿ ಗುಳ್ಳೆ ಏಳುತ್ತದೆ, ವಾಸಿಯಾದ ಮೇಲೂ ಕಪ್ಪು ಕಲೆ ಉಳಿಯುತ್ತದೆ. ಉಲ್ಟಾ ಹೊಡೆದರೆ, ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು ಹೊಡೆದರೆ ಇದು ಇನ್ನೂ ಹೆಚ್ಚು. ಕಟಿಂಗ್ ಶಾಪಿನ ನುಣುಪು ಬೇಕೆಂದು ನಾವು ಮನೆಯಲ್ಲಿ ಮಾಡುವುದು ಇವೆರಡನ್ನೇ ಅಲ್ಲವೇ?

ಬಾಮೈದನಿಗೆ ಕೆಲವು ವಾರ ಕುತ್ತಿಗೆಗೆ ರೇಜರ್ ಮುಟ್ಟಿಸಬೇಡ ಅಂದೆ. ಒಳಗೆ ಸಿಕ್ಕಿಕೊಂಡ ಕೂದಲು ಬೆಳೆದು ತಾನಾಗಿ ಬಿಡಿಸಿಕೊಳ್ಳಲು ಅಷ್ಟು ಕಾಲ ಬೇಕು. ಆಮೇಲೆ ಬಾಚಣಿಗೆ ತೆಗೆದ ಬರಿ ಟ್ರಿಮ್ಮರ್, ಅದೂ ಒತ್ತದೆ. ಈಗ ಅವನ ಕುತ್ತಿಗೆ ನುಣ್ಣಗಿಲ್ಲ, ಆದರೆ ಗುಳ್ಳೆಯೂ ಇಲ್ಲ. ಒಂದು ಕೈ ದೂರದಿಂದ ನೋಡಿದರೆ ಆ ಅರ್ಧ ಮಿಲಿಮೀಟರು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಕುತ್ತಿಗೆ ಯಾವ ಜಾತಿಯದು ಎಂದು ತಿಳಿಯಲು ಎರಡು ವಾರದ ಪರೀಕ್ಷೆ ಸಾಕು. ಗಂಟಲಿನ ಎಡಕ್ಕೆ ರೇಜರ್, ಬಲಕ್ಕೆ ಬರಿ ಟ್ರಿಮ್ಮರ್ ಬಳಸಿ. ಶೇವ್ ಮಾಡಿದ ಕೂಡಲೇ ಆಗುವ ಉರಿ ಕೆಲವೇ ಗಂಟೆಗಳಲ್ಲಿ ಇಳಿದರೆ ಅದು ಮೊಂಡು ಬ್ಲೇಡಿನದೋ, ನೊರೆ ಸಾಲದೆ ಹೋದದ್ದೋ ಇರಬಹುದು. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ಸರಿಯಾಗಿ ನೊರೆಯಾಗುವುದಿಲ್ಲ. ಗುಳ್ಳೆ ಒಂದೆರಡು ದಿನ ಬಿಟ್ಟು ಎದ್ದು, ಮುಟ್ಟಿದರೆ ಗಟ್ಟಿಯಾಗಿ ನೋಯುತ್ತಿದ್ದರೆ ಕೂದಲು ಒಳಗೆ ತಿರುಗಿದೆ ಎಂದು ತಿಳಿಯಿರಿ. ಎಡಕ್ಕೆ ಇಂಥ ಗುಳ್ಳೆಗಳೆದ್ದರೆ ರೇಜರಿನ ಆಸೆ ಬಿಡಿ. ಏನೂ ಆಗದಿದ್ದರೆ ರೇಜರ್ ಧಾರಾಳವಾಗಿ ಬಳಸಿ. ಕುತ್ತಿಗೆಗೆ ಸಾದಾ ಒಂದು ಬ್ಲೇಡಿನ ರೇಜರೇ ಸಾಕು, ಬ್ಲೇಡಿನ ಖರ್ಚೂ ಕಡಿಮೆ.

ಗೆರೆ ಎಲ್ಲಿರಬೇಕು? ಎಂಜಲು ನುಂಗಿದರೆ ಗಂಟಲಲ್ಲಿ ಮೇಲೆ ಕೆಳಗೆ ಆಡುವ ಉಬ್ಬು ಇದೆಯಲ್ಲ, ಅದರ ಮೇಲೆ ಒಂದೆರಡು ಬೆರಳು ಅಡ್ಡ ಇಟ್ಟು ಗುರುತು ಮಾಡಿಕೊಳ್ಳಿ. ಅಲ್ಲಿಂದ ಎರಡೂ ಕಿವಿಯ ಹಿಂಬದಿಗೆ ಸಣ್ಣ ಬಿಲ್ಲಿನಂತೆ ಏರಬೇಕು. ಇದನ್ನು ದವಡೆಯ ಮೂಳೆಯವರೆಗೆ ಏರಿಸಿದರೆ ತಲೆ ಎತ್ತಿದಾಗಲೆಲ್ಲ ಗಲ್ಲದ ಕೆಳಗೆ ಬೋಳು ಕಂಡು ವಿಚಿತ್ರವಾಗುತ್ತದೆ. ಕೆನ್ನೆಯ ಮೇಲಂಚನ್ನು ಮುಟ್ಟದಿರುವುದೇ ಕ್ಷೇಮ, ಅಲ್ಲಲ್ಲಿ ಬಿಡಿಯಾಗಿ ಬೆಳೆದವನ್ನಷ್ಟೇ ತೆಗೆಯಿರಿ.

ಎರಡನ್ನೂ ಬಳಸುವವರು ಕ್ರಮ ತಪ್ಪಬಾರದು. ಟ್ರಿಮ್ಮರು ಸ್ನಾನಕ್ಕೆ ಮೊದಲು, ಒಣ ಗಡ್ಡಕ್ಕೆ. ಒದ್ದೆ ಕೂದಲು ಚರ್ಮಕ್ಕೆ ಅಂಟಿ ಬಾಚಣಿಗೆಯಿಂದ ತಪ್ಪಿಸಿಕೊಳ್ಳುತ್ತದೆ. ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ಎದ್ದು ನಿಲ್ಲುತ್ತದೆ. ರೇಜರು ಸ್ನಾನವಾದ ಮೇಲೆ, ಬಿಸಿನೀರಿಗೆ ಕೂದಲು ಮೆತ್ತಗಾದಾಗ, ಬೆಳೆದ ದಿಕ್ಕಿನಲ್ಲೇ. ಕುತ್ತಿಗೆಯಲ್ಲಿ ಆ ದಿಕ್ಕು ಅಂಗುಲಕ್ಕೊಂದು ಕಡೆ ತಿರುಗಬಹುದು. ಬೆರಳಾಡಿಸಿ, ಯಾವ ಕಡೆ ಒರಟಾಗಿ ತಡೆಯುತ್ತದೋ ಅದರ ವಿರುದ್ಧದ್ದೇ ಸರಿಯಾದ ದಿಕ್ಕು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 1 ಮಿ.ಮೀ.ಗೆ ಟ್ರಿಮ್ ಮಾಡಿದರೆ ವಾರವಿಡೀ 2ರ ಆಸುಪಾಸಿನಲ್ಲೇ ಇರುತ್ತದೆ. ಕುತ್ತಿಗೆಗೆ ದಿನ ಬಿಟ್ಟು ದಿನ ಸಾಕು.

ಟ್ರಿಮ್ಮರು ಕತ್ತರಿಸುವ ಬದಲು ಕೂದಲನ್ನು ಕಿತ್ತಂತಾದರೆ ಹಲ್ಲುಗಳ ನಡುವೆ ಚೂರು ಸಿಕ್ಕಿದೆ, ಇಲ್ಲವೇ ಬ್ಲೇಡು ಒಣಗಿದೆ, ಇಲ್ಲವೇ ಬ್ಯಾಟರಿ ಇಳಿದಿದೆ ಎಂದರ್ಥ. ಬ್ರಷ್ಷಿನಿಂದ ಚೊಕ್ಕ ಮಾಡಿ ಒಂದು ಹನಿ ಮೆಷಿನ್ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗುತ್ತದೆ.

ಒಂದನ್ನೇ ಕೊಳ್ಳುವುದಾದರೆ ಟ್ರಿಮ್ಮರ್ ಕೊಳ್ಳಿ. ಅಂಗಡಿಯಲ್ಲಿ ಅದು ಎಷ್ಟು ಉದ್ದದವರೆಗೆ ಬಿಡುತ್ತದೆ ಎಂದು ನೋಡಬೇಡಿ, ಕುರುಚಲಿಗೆ 10 ಮಿ.ಮೀ. ಬೇಕಾಗುವುದೇ ಇಲ್ಲ. ಕಡಿಮೆ ಉದ್ದಗಳಲ್ಲಿ ಅರ್ಧರ್ಧ ಮಿಲಿಮೀಟರಿನ ಮೆಟ್ಟಿಲುಗಳಿವೆಯೇ, ಬಾಚಣಿಗೆ ಅಲುಗಾಡದೆ ಗಟ್ಟಿಯಾಗಿ ಕೂರುತ್ತದೆಯೇ ಎಂದಷ್ಟೇ ನೋಡಿ.